ನಿಂತ ಪೇಜ್ ಮತ್ತೆ ಬೆಳೆಯಬೇಕಾದರೆ: ಫಾಲೋವರ್‌ಗಳೇ ತಿರುಗಿಸುವ ಗ್ರೋತ್ ಲೂಪ್ ಕಟ್ಟುವ ಬಗೆ

12,000 ಫಾಲೋವರ್‌ಗಳಿರುವ ಒಂದು ಇನ್‌ಸ್ಟಾಗ್ರಾಮ್ ಪೇಜನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಷಯ ಮನೆಯೊಳಗೆ ಬೆಳೆಸುವ ಗಿಡಗಳ ಆರೈಕೆ. ವಾರಕ್ಕೆ ನಾಲ್ಕು ಪೋಸ್ಟ್ ತಪ್ಪುವುದಿಲ್ಲ. ಫೋಟೊ ಚೆನ್ನಾಗಿವೆ, ಹೇಳುವ ಮಾತೂ ಸರಿಯಾಗಿದೆ. ಆದರೂ ಎಂಟು ತಿಂಗಳಿಂದ ಸಂಖ್ಯೆ ಅದೇ 12,000ದ ಆಸುಪಾಸಿನಲ್ಲಿ ಓಲಾಡುತ್ತಿದೆ. ಇಂಥ ಹೊತ್ತಿನಲ್ಲಿ ಪೇಜ್ ನಡೆಸುವವರಿಗೆ ಮೊದಲು ಹೊಳೆಯುವುದು ವಾರಕ್ಕೆ ನಾಲ್ಕಿದ್ದದ್ದನ್ನು ಏಳು ಮಾಡೋಣ ಎಂಬ ಯೋಚನೆ. ಮಾಡುತ್ತಾರೆ. ಎರಡು ತಿಂಗಳು ಅಷ್ಟಿಷ್ಟು ಏರುತ್ತದೆ, ಆಮೇಲೆ ಮತ್ತೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕೈಯೂ ಸೋತಿರುತ್ತದೆ.

ಈ ಪೇಜನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೂಪನ್ನು ಮೊದಲಿನಿಂದ ಕಟ್ಟೋಣ. ಇಲ್ಲಿ ಬರುವ ಪೇಜಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನು ಹಾಕಿಕೊಂಡವು. ಆ ಜಾಗಗಳಲ್ಲಿ ನಿಮ್ಮ ಪೇಜಿನ ಅಂಕಿಗಳನ್ನು ಹಾಕಿಕೊಂಡು ಓದಿ.

ಮೊದಲ ಹೆಜ್ಜೆ: ನಿಂತಿರುವುದೇಕೆ ಎಂದು ನೋಡಿ

ಇನ್‌ಸೈಟ್ಸ್ ತೆರೆದು ಫಾಲೋವರ್‌ಗಳ ಭಾಗಕ್ಕೆ ಹೋಗಿ, ಅವಧಿಯನ್ನು ಕಳೆದ 30 ದಿನಕ್ಕೆ ಇಡಿ. ಒಟ್ಟು ಎಷ್ಟು ಹೆಚ್ಚಾಯಿತು ಎಂಬ ಅಂಕಿಯ ಜೊತೆಗೆ ಹೊಸದಾಗಿ ಬಂದವರು ಎಷ್ಟು, ಬಿಟ್ಟು ಹೋದವರು ಎಷ್ಟು ಎಂದು ಬೇರೆಬೇರೆಯಾಗಿ ಕಾಣಿಸುತ್ತದೆ. ಬಹಳ ಮಂದಿ ಒಟ್ಟು ಅಂಕಿಯನ್ನಷ್ಟೇ ನೋಡಿ ಮುಚ್ಚಿಬಿಡುತ್ತಾರೆ. ನಿಜವಾದ ವಿಷಯ ಇರುವುದು ಉಳಿದ ಎರಡರಲ್ಲಿ.

ನಮ್ಮ ಗಿಡದ ಪೇಜಿಗೆ ತಿಂಗಳಿಗೆ 300 ಜನ ಬರುತ್ತಾರೆ, 300 ಜನ ಹೋಗುತ್ತಾರೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ಮಾತ್ರ ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟ ಹಾಗೆ ನೀರು ಓಡಾಡುತ್ತಲೇ ಇದೆ. 12,000ದಲ್ಲಿ 300 ಎಂದರೆ ತಿಂಗಳಿಗೆ 2.5 ಶೇಕಡಾ ಸೋರಿಕೆ. ಈಗ ಹೀಗೆ ಭಾಗಿಸಿ:

```
300 ÷ 0.025 = 12,000
```

ಪೇಜ್ 12,000ದಲ್ಲಿ ನಿಂತದ್ದಕ್ಕೆ ಕಾರಣ ಇಷ್ಟೇ. 4,000 ಜನ ಇದ್ದಾಗಲೂ ತಿಂಗಳಿಗೆ 300 ಜನ ಬರುತ್ತಿದ್ದರು, ಆಗ ಹೋಗುತ್ತಿದ್ದವರು 100 ಮಂದಿ, ಆದ್ದರಿಂದ ಪೇಜ್ ಬೆಳೆಯಿತು. ಬರುವವರ ಸಂಖ್ಯೆ ನೀವು ಹಾಕುವ ಪೋಸ್ಟ್‌ಗೆ ಕಟ್ಟುಬಿದ್ದಿದೆ, ಅದು ಇದ್ದಲ್ಲೇ ಇರುತ್ತದೆ. ಹೋಗುವವರ ಸಂಖ್ಯೆ ಪೇಜಿನ ಗಾತ್ರಕ್ಕೆ ಕಟ್ಟುಬಿದ್ದಿದೆ, ಪೇಜ್ ದೊಡ್ಡದಾದಂತೆ ಅದೂ ಏರುತ್ತದೆ. ಎರಡೂ ಸಮವಾದ ದಿನ ಪೇಜ್ ನಿಲ್ಲುತ್ತದೆ. ಪೋಸ್ಟ್ ಹೆಚ್ಚಿಸಿದರೆ 300 ಎಂಬುದು 350 ಆದೀತು, ನಿಲ್ಲುವ ಜಾಗ 14,000ಕ್ಕೆ ಸರಿದೀತು. ನಿಲ್ಲುವುದಂತೂ ತಪ್ಪುವುದಿಲ್ಲ.

ಹಾಗಾದರೆ ಬೇಕಾದದ್ದು ಗಾತ್ರದ ಜೊತೆಗೇ ಬೆಳೆಯುವ ಒಂದು ಒಳಹರಿವು. 12,000 ಜನ ಇದ್ದಾಗ ಎಷ್ಟು ಜನರನ್ನು ತರುತ್ತದೋ 24,000 ಆದಾಗ ಅದರ ಎರಡರಷ್ಟನ್ನು ತರುವಂಥದ್ದು. ಹೊಸಬರನ್ನು ಕರೆತರುವವರು ಈಗಾಗಲೇ ಇರುವ ಫಾಲೋವರ್‌ಗಳೇ ಆಗಿದ್ದರೆ ಮಾತ್ರ ಇದು ಸಾಧ್ಯ. ಗ್ರೋತ್ ಲೂಪ್ ಎಂದರೆ ಇದೇ.

ಮುಂದೆ ಹೋಗುವ ಮುನ್ನ ಇನ್ನೊಂದು ಪರೀಕ್ಷೆ. ಸೆಟ್ಟಿಂಗ್ಸ್‌ನಲ್ಲಿ Account Status ತೆರೆದು, ನಿಮ್ಮ ಪೋಸ್ಟ್‌ಗಳನ್ನು ಫಾಲೋ ಮಾಡದವರಿಗೂ ಶಿಫಾರಸು ಮಾಡಲು ಅಡ್ಡಿಯೇನಾದರೂ ಇದೆಯೇ ನೋಡಿ. ಅಲ್ಲಿ ಎಚ್ಚರಿಕೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಬಾಗಿಲು ಹಾಕಿಕೊಂಡಿರುವಾಗ ಯಾವ ಲೂಪೂ ತಿರುಗದು.

ಎರಡನೇ ಹೆಜ್ಜೆ: ಲೂಪನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಲೂಪನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ. ನಾಲ್ಕನೆಯ ವಾಕ್ಯ ಮೊದಲನೆಯದಕ್ಕೆ ಹೋಗಿ ಸೇರಬೇಕು. ಗಿಡದ ಪೇಜಿಗೆ ನಾನು ಬರೆಯುವುದು ಹೀಗೆ:

1. ಫಾಲೋವರ್ ತನ್ನ ಕಾಯಿಲೆ ಬಿದ್ದ ಗಿಡದ ಫೋಟೊ ಕಳಿಸುತ್ತಾರೆ.
2. ನಾವು ಒಂದನ್ನು ಆರಿಸಿ, ಕಾಯಿಲೆ ಏನು, ಏನು ಮಾಡಬೇಕು ಎಂಬ ಪೋಸ್ಟ್ ಮಾಡುತ್ತೇವೆ.
3. ನೋಡಿದವರು ಅದೇ ತೊಂದರೆ ಇರುವ ಗೆಳೆಯರಿಗೆ ಕಳಿಸುತ್ತಾರೆ. ಗಿಡದ ಒಡೆಯರು ತಮ್ಮ ಸ್ಟೋರಿಗೂ ಹಾಕಿಕೊಳ್ಳುತ್ತಾರೆ.
4. ಹಾಗೆ ಬಂದ ಹೊಸಬರಲ್ಲಿ ಕೆಲವರು ಫಾಲೋ ಮಾಡಿ, ತಮ್ಮ ಗಿಡದ ಫೋಟೊ ಕಳಿಸುತ್ತಾರೆ.

ಎಲ್ಲಾದರೂ ಒಂದು ವಾಕ್ಯದಲ್ಲಿ “ಜನರಿಗೆ ಇಷ್ಟವಾಗಿ ಪೇಜ್ ಬೆಳೆಯುತ್ತದೆ” ಎಂಬಂಥ ಮಾತು ಬಂದರೆ ಅಲ್ಲಿ ಕೊಂಡಿ ಇಲ್ಲ ಎಂದರ್ಥ. ಯಾರು, ಏನನ್ನು, ಯಾರಿಗೆ, ಏಕೆ ಕಳಿಸುತ್ತಾರೆ ಎನ್ನುವುದು ಬರೆಯಲು ಬರಬೇಕು.

ಕವಿತೆಯ ಪೇಜಿಗೆ ಇದು ಓದುಗರು ಕಳಿಸಿದ ಒಂದು ಸಾಲನ್ನು ಮುಂದುವರಿಸುವ ಆಟವಾಗಬಹುದು. ಚಿತ್ರಕಲೆಯ ಪೇಜಿಗೆ ಫಾಲೋವರ್ ಬರೆದ ಚಿತ್ರವನ್ನು ತಿದ್ದಿ ತೋರಿಸುವುದಾಗಬಹುದು. ಭಾಷೆ ಕಲಿಸುವ ಪೇಜಿಗೆ ಕೇಳಿಬಂದ ಒಂದು ತಪ್ಪನ್ನು ಬಿಡಿಸಿ ಹೇಳುವುದಾಗಬಹುದು. ಎಲ್ಲದರಲ್ಲೂ ಬೇಕಾದ ಗುಣ ಒಂದೇ. ಪೋಸ್ಟ್‌ಗೆ ಬೇಕಾದ ಕಚ್ಚಾ ವಸ್ತು ಫಾಲೋವರ್‌ಗಳ ಕೈಯಲ್ಲಿರಬೇಕು, ಆ ಪೋಸ್ಟ್ ಇನ್ನೊಬ್ಬರಿಗೆ ಕಳಿಸಲು ಕಾರಣ ಕೊಡುವಂತಿರಬೇಕು.

ಮೂರನೇ ಹೆಜ್ಜೆ: ಕಳಿಸಿಕೊಡುವಂಥ ಪೋಸ್ಟ್ ಮಾಡುವುದು

ಲೂಪ್ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಹೆಜ್ಜೆಯಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಸಮಯ ಕೊಡೋಣ.

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಮ್ ಮೊಸೆರಿ 2025ರ ಜನವರಿಯಲ್ಲಿ, ಯಾವ ಪೋಸ್ಟ್ ಎಷ್ಟು ಜನರಿಗೆ ತಲುಪಬೇಕು ಎಂದು ನಿರ್ಧರಿಸುವಾಗ ಮೂರು ಸಂಕೇತಗಳು ಮುಖ್ಯ ಎಂದಿದ್ದರು: ನೋಡಿದ ಸಮಯ, ತಲುಪಿದವರಲ್ಲಿ ಲೈಕ್ ಕೊಟ್ಟವರ ಪ್ರಮಾಣ, ತಲುಪಿದವರಲ್ಲಿ ಇನ್ನೊಬ್ಬರಿಗೆ ಕಳಿಸಿದವರ ಪ್ರಮಾಣ. ಈಗಾಗಲೇ ಫಾಲೋ ಮಾಡುವವರಿಗೆ ತಲುಪಲು ಲೈಕ್ ತುಸು ಹೆಚ್ಚು ಮುಖ್ಯ, ಫಾಲೋ ಮಾಡದವರಿಗೆ ತಲುಪಲು ಕಳಿಸುವಿಕೆ ತುಸು ಹೆಚ್ಚು ಮುಖ್ಯ ಎಂಬುದು ಅವರ ವಿವರಣೆ. ನಿಂತ ಪೇಜಿಗೆ ಬೇಕಾಗಿರುವುದು ಎರಡನೆಯ ಗುಂಪು. ಆದ್ದರಿಂದ ಪೋಸ್ಟ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ “ಇದು ಚೆನ್ನಾಗಿದೆಯೇ” ಎಂಬುದಲ್ಲ. “ಇದನ್ನು ನೋಡಿದವರಿಗೆ ಯಾರ ಮುಖ ನೆನಪಾಗುತ್ತದೆ” ಎಂದು ಕೇಳಿಕೊಳ್ಳಿ.

“ಮನೆಗಿಡಗಳಿಗೆ ನೀರು ಹಾಕುವ ಐದು ನಿಯಮಗಳು” ಎಂಬ ಪೋಸ್ಟ್ ನೋಡಿದಾಗ ಯಾರ ಮುಖವೂ ನೆನಪಾಗುವುದಿಲ್ಲ. ಜನ ಸೇವ್ ಮಾಡಿಕೊಂಡು ಮುಂದೆ ಹೋಗುತ್ತಾರೆ. “ಕೆಳಗಿನ ಎಲೆಗಳು ಮಾತ್ರ ಹಳದಿ, ಮಣ್ಣು ಇನ್ನೂ ಒದ್ದೆ. ಈ ಗಿಡಕ್ಕೆ ಏನಾಗಿದೆ?” ಎಂದು ಒಂದು ನಿಜವಾದ ಗಿಡದ ಫೋಟೊ ಹಾಕಿದರೆ, ಹೋದ ವಾರ ಅಂಥದ್ದೇ ಗಿಡದ ಬಗ್ಗೆ ಗೊಣಗಿದ ಗೆಳತಿ ಥಟ್ಟನೆ ನೆನಪಾಗುತ್ತಾಳೆ. “ನೋಡೇ, ನಿನ್ನ ಗಿಡದ ಥರಾನೇ ಇದೆ” ಎಂದು ಬರೆದು ಕಳಿಸುತ್ತಾರೆ. ಆ ಒಂದು ಸಾಲು ಬರೆಯಲು ಅವಕಾಶ ಮಾಡಿಕೊಡುವುದೇ ಈ ಹೆಜ್ಜೆಯ ಕೆಲಸ.

ಒಂದು ಪೋಸ್ಟನ್ನು ಹತ್ತಿರದಿಂದ ನೋಡೋಣ. ಆರು ಚಿತ್ರಗಳ ಕರೊಸೆಲ್.

ಮೊದಲ ಚಿತ್ರದಲ್ಲಿ ಫಾಲೋವರ್ ಕಳಿಸಿದ ಮನಿ ಪ್ಲಾಂಟ್, ಮೇಲೆ ಆಗ ಹೇಳಿದ ಪ್ರಶ್ನೆ. ಫೋಟೊವನ್ನು ಅಂದಗೊಳಿಸಬೇಡಿ. ಮನೆಯಲ್ಲಿ ತೆಗೆದದ್ದು ಎಂದು ಗೊತ್ತಾಗುವ ಆ ಒರಟುತನವೇ “ನನ್ನ ಗಿಡವೂ ಹೀಗೇ ಇದೆ” ಅನ್ನಿಸುವಂತೆ ಮಾಡುತ್ತದೆ. ಎರಡನೆಯದರಲ್ಲಿ ಒಡೆಯರು ಹೇಳಿದ ಸಂಗತಿಗಳು, ಅವರದೇ ಮಾತಿನಲ್ಲಿ: ದಿನಾ ಒಂದು ಲೋಟ ನೀರು, ಕಿಟಕಿಯಿಂದ ದೂರ, ಕುಂಡದ ಕೆಳಗೆ ತೂತಿಲ್ಲ. ಇಲ್ಲಿ ಓದುಗರು ತಾವೇ ಉತ್ತರ ಊಹಿಸತೊಡಗುತ್ತಾರೆ, ಕಮೆಂಟ್‌ಗಳು ಹುಟ್ಟುವ ಜಾಗ ಇದು. ಮೂರನೆಯದರಲ್ಲಿ ಪರೀಕ್ಷೆ: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ, ಒಳಗೂ ಒದ್ದೆ ಇದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ನಾಲ್ಕನೆಯದರಲ್ಲಿ ಬೇರುಗಳನ್ನು ಅಕ್ಕಪಕ್ಕ ಇಟ್ಟ ಎರಡು ಫೋಟೊ, ಒಂದು ಗಟ್ಟಿಯಾಗಿ ಬೆಳ್ಳಗಿದೆ, ಇನ್ನೊಂದು ಕಂದಾಗಿ ಮೆತ್ತಗಾಗಿದೆ. ಐದನೆಯದರಲ್ಲಿ ಮಾಡಬೇಕಾದದ್ದು: ಕೊಳೆತ ಬೇರು ಕತ್ತರಿಸಿ, ತೂತಿರುವ ಕುಂಡಕ್ಕೆ ಬದಲಿಸಿ, ಮೇಲಿನ ಮಣ್ಣು ಒಣಗಿದ ಮೇಲಷ್ಟೇ ನೀರು. ಆರನೆಯದರಲ್ಲಿ ಮುಂದಿನ ಸುತ್ತಿಗೆ ಕರೆ: “ನಿಮ್ಮ ಗಿಡಕ್ಕೂ ಏನೋ ಆಗಿದೆಯೇ? ಮೂರು ಫೋಟೊ ಕಳಿಸಿ: ಇಡೀ ಗಿಡ, ಎಲೆಯ ಹಿಂಬದಿ, ಕುಂಡದ ಮಣ್ಣು.”

ಆರನೆಯ ಚಿತ್ರವಿಲ್ಲದಿದ್ದರೆ ಇದು ಒಳ್ಳೆಯ ಪೋಸ್ಟ್ ಅಷ್ಟೇ, ಲೂಪ್ ಅಲ್ಲ. ಕೊನೆಯ ಚಿತ್ರದಲ್ಲಿ “ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ, ಫಾಲೋ ಮಾಡಿ” ಎಂದು ಮೂರು ಕೆಲಸ ಹೇಳುವುದನ್ನು ಬಿಟ್ಟುಬಿಡಿ. ಒಂದೇ ಕೆಲಸ ಕೇಳಿ, ಅದು ಮುಂದಿನ ಪೋಸ್ಟ್‌ಗೆ ವಸ್ತು ತರುವ ಕೆಲಸವಾಗಿರಲಿ.

ಇನ್ನೂ ಒಂದು ಮಾತು. ಇದನ್ನು ವಾರಕ್ಕೊಂದು ಸಂಚಿಕೆಯ ಸರಣಿಯಾಗಿ ನಡೆಸಿ. ಸರಣಿಯ ಹೆಸರು, ಬಣ್ಣ, ಮೊದಲ ಚಿತ್ರದ ಅಚ್ಚು, ಹಾಕುವ ದಿನ, ಇವನ್ನು ಕನಿಷ್ಠ ಎಂಟು ಸಂಚಿಕೆ ಬದಲಿಸಬೇಡಿ. “ಓಹ್, ಆ ಎಲೆ ನೋಡಿ ಕಾಯಿಲೆ ಹೇಳುವ ಪೇಜ್” ಎಂದು ಗುರುತು ಸಿಗಬೇಕಾದರೆ ಅದೇ ಅಚ್ಚನ್ನು ಜನ ಮತ್ತೆ ಮತ್ತೆ ನೋಡಬೇಕು. ನಿಮಗೆ ಬೇಸರ ಬಂದ ಮೇಲೆಯೇ ಅವರ ನೆನಪಿನಲ್ಲಿ ಅದು ಕೂರುವುದು.

ನಾಲ್ಕನೇ ಹೆಜ್ಜೆ: ಜನ ಕಳಿಸುವಂತೆ ಕೇಳುವುದು

ಮೊದಲ ಸಲ ಕೇಳಿದಾಗ ಬಹುತೇಕ ಯಾರೂ ಕಳಿಸುವುದಿಲ್ಲ. ಖಾಲಿ ಜಗಲಿಯ ಮೇಲೆ ಮೊದಲು ಹೋಗಿ ಕೂರಲು ಎಲ್ಲರಿಗೂ ಸಂಕೋಚ. ಹಾಗಾಗಿ ಮೊದಲ ಮೂರು ಸಂಚಿಕೆಗಳ ವಸ್ತುವನ್ನು ನೀವೇ ಹುಡುಕಿಕೊಳ್ಳಬೇಕು. ಹಳೆಯ ಕಮೆಂಟ್‌ಗಳಲ್ಲಿ, ಡಿಎಂಗಳಲ್ಲಿ ಯಾರಾದರೂ “ನನ್ನ ಗಿಡ ಹೀಗಾಗಿದೆ, ಏನು ಮಾಡಲಿ” ಎಂದು ಕೇಳಿಯೇ ಇರುತ್ತಾರೆ. ಅವರಿಗೆ ಬರೆಯಿರಿ: “ನಿಮ್ಮ ಪ್ರಶ್ನೆಯನ್ನು ಒಂದು ಪೋಸ್ಟ್ ಮಾಡಬೇಕೆಂದಿದ್ದೇನೆ. ಮೂರು ಫೋಟೊ ಕಳಿಸುತ್ತೀರಾ? ನಿಮ್ಮ ಹೆಸರು ಹಾಕಬಹುದೋ ಬೇಡವೋ ತಿಳಿಸಿ.” ಹೀಗೆ ಹೆಸರು ಹಿಡಿದು ಕೇಳಿದರೆ ಒಪ್ಪದವರು ಕಡಿಮೆ.

ಕೇಳುವ ಕೆಲಸ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು. ಸ್ಟೋರಿಯಲ್ಲಿ ಪೋಲ್ ಸ್ಟಿಕ್ಕರ್‌ನಿಂದ ಶುರುಮಾಡಿ: “ನಿಮ್ಮ ಗಿಡದ ಎಲೆ ಈಗ ಹೇಗಿದೆ? ಹಳದಿ, ತುದಿ ಕಂದು, ಚುಕ್ಕೆ, ಚೆನ್ನಾಗಿದೆ.” ಒತ್ತಿದವರ ಹೆಸರು ನಿಮಗೆ ಕಾಣುತ್ತದೆ. “ಚುಕ್ಕೆ” ಒತ್ತಿದವರಿಗಷ್ಟೇ ಫೋಟೊ ಕೇಳಿ ಬರೆಯಿರಿ. Add Yours ಸ್ಟಿಕ್ಕರ್ ಕೂಡ ಇದೆ. ಒಬ್ಬರು ತಮ್ಮ ಸ್ಟೋರಿಯಲ್ಲಿ ಫೋಟೊ ಸೇರಿಸಿದರೆ ಅವರ ಗೆಳೆಯರೂ ಅದೇ ಸರಪಳಿಗೆ ಸೇರಿಸಬಹುದು. ಆದರೆ ಅದರಲ್ಲಿ ಬರುವ ಫೋಟೊಗಳಿಗೆ ಪ್ರಶ್ನೆಯ ಹಿನ್ನೆಲೆ ಇರುವುದಿಲ್ಲ. ಸಂಭ್ರಮ ಹಂಚಿಕೊಳ್ಳಲು ಅದು ಸರಿ, ಕಾಯಿಲೆ ಹೇಳಲು ಡಿಎಂ ವಾಸಿ.

ಫೋಟೊ ಬಂದ ಮೇಲೆ ಮಾಡಬೇಕಾದ ಎರಡು ಕೆಲಸಗಳಿವೆ. ಬಹಳ ಪೇಜ್‌ಗಳು ಇವೆರಡನ್ನೂ ಬಿಡುತ್ತವೆ. ಒಂದು, ಆಯ್ಕೆಯಾಗದ ಫೋಟೊಗೂ ಎರಡು ಸಾಲಿನ ಉತ್ತರ ಕೊಡಿ. 18 ಜನ ಕಳಿಸಿದರೆ ಒಬ್ಬರದು ಪೋಸ್ಟ್ ಆಗುತ್ತದೆ, ಉಳಿದ 17 ಜನಕ್ಕೆ ಏನೂ ಸಿಗದಿದ್ದರೆ ಮುಂದಿನ ಸಲ ಅವರು ಕಳಿಸುವುದಿಲ್ಲ. ಎರಡನೆಯದು, ಮೂರು ವಾರದ ನಂತರ ಆ ಗಿಡ ಏನಾಯಿತು ಎಂದು ಕೇಳಿ, ಹೊಸ ಫೋಟೊ ತರಿಸಿ ಹಾಕಿ. ಚಿಗುರು ಬಂದಿದ್ದರೆ ಒಡೆಯರು ಖುಷಿಯಿಂದ ತಮ್ಮ ಸ್ಟೋರಿಗೆ ಹಾಕಿಕೊಳ್ಳುತ್ತಾರೆ. ಗಿಡ ಸತ್ತಿದ್ದರೆ ಅದನ್ನೂ ಹಾಕಿ, ಏಕೆ ಸತ್ತಿತು ಎಂದು ಹೇಳಿ. ನನ್ನ ಅನುಭವದಲ್ಲಿ ಜನ ಪೇಜನ್ನು ನಂಬತೊಡಗುವುದು ಇಂಥ ಪೋಸ್ಟ್‌ಗಳಿಂದ. ನಂಬಿದವರು ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಸೋರಿಕೆ ಕಡಿಮೆಯಾಗುವುದೂ ಇಲ್ಲೇ.

ಅನುಮತಿಯ ವಿಷಯದಲ್ಲಿ ಸಡಿಲ ಬೇಡ. ಹಾಕಬಹುದು ಎಂಬ ಮಾತು ಬರಹದಲ್ಲಿರಲಿ. ಫೋಟೊದ ಹಿನ್ನೆಲೆಯಲ್ಲಿ ಮಕ್ಕಳ ಮುಖ, ಮನೆ ಸಂಖ್ಯೆ, ಕಾಗದಪತ್ರ ಇದ್ದರೆ ಕತ್ತರಿಸಿ ಹಾಕಿ.

ಐದನೇ ಹೆಜ್ಜೆ: ಕೊಲ್ಯಾಬ್‌ನಿಂದ ಲೂಪಿಗೆ ಹೊಸ ಜನ

ಕೊಲ್ಯಾಬ್ ಅಂದರೆ ಲೂಪ್ ಎಂದು ತಪ್ಪು ತಿಳಿಯುವವರಿದ್ದಾರೆ. ಕೊಲ್ಯಾಬ್ ಒಮ್ಮೆ ಜನರನ್ನು ತರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ತಿರುಗುತ್ತಿರುವ ಚಕ್ರಕ್ಕೆ ಕೊಡುವ ಒಂದು ತಳ್ಳು ಅದು. ಚಕ್ರವೇ ಇಲ್ಲದಾಗ ತಳ್ಳಿದರೆ ಬಂದವರು ತಿಂಗಳಲ್ಲಿ ಹೊರಟು ಹೋಗುತ್ತಾರೆ. ಆದ್ದರಿಂದ ನಾಲ್ಕೈದು ಸಂಚಿಕೆ ನಡೆದು, ಜನ ತಾವಾಗಿ ಫೋಟೊ ಕಳಿಸಲು ಶುರುಮಾಡಿದ ಮೇಲೆ ಇದಕ್ಕೆ ಕೈಹಾಕಿ.

ಯಾರ ಜೊತೆ? ಇನ್ನೊಂದು ಮನೆಗಿಡದ ಪೇಜ್ ಬೇಡ. ಅವರ ಫಾಲೋವರ್‌ಗಳಿಗೆ ನೀವು ಕೊಡುವುದು ಈಗಾಗಲೇ ಸಿಗುತ್ತಿದೆ. ಬೇಕಾದದ್ದು ಪಕ್ಕದ ಮನೆಯವರು, ಅಂದರೆ ಬೇಲಿ ಒಂದೇ, ಅಂಗಳ ಬೇರೆ. ಗಿಡದ ಪೇಜಿಗೆ ಸಣ್ಣ ಕೀಟಗಳನ್ನು ಹತ್ತಿರದಿಂದ ಫೋಟೊ ತೆಗೆಯುವ ಒಂದು ಪೇಜ್ ಒಳ್ಳೆಯ ಜೋಡಿ. ಅವರ ಫಾಲೋವರ್ ಸಂಖ್ಯೆಗಿಂತ ಅವರ ಕಮೆಂಟ್‌ಗಳನ್ನು ಓದಿ. ಜನ ಪ್ರಶ್ನೆ ಕೇಳುತ್ತಿದ್ದಾರೆಯೇ, ಪೇಜಿನವರು ಉತ್ತರಿಸುತ್ತಿದ್ದಾರೆಯೇ? 9,000 ಫಾಲೋವರ್‌ಗಳಿದ್ದು ಮಾತುಕತೆ ನಡೆಯುವ ಪೇಜನ್ನು, 90,000 ಇದ್ದು ಬರೀ ಹೃದಯದ ಚಿಹ್ನೆಗಳು ಬೀಳುವ ಪೇಜಿಗಿಂತ ನಾನು ಮೊದಲು ಆರಿಸುತ್ತೇನೆ.

ಕೇಳುವಾಗ “ಕೊಲ್ಯಾಬ್ ಮಾಡೋಣವೇ” ಎಂದಷ್ಟೇ ಬರೆದರೆ ಉತ್ತರ ಬರುವುದು ಅಪರೂಪ. ಅರ್ಧ ಸಿದ್ಧವಾದ ಪೋಸ್ಟ್ ಕೈಯಲ್ಲಿಟ್ಟುಕೊಂಡು ಹೋಗಿ: “ನಮ್ಮ ಫಾಲೋವರ್‌ಗಳು ಎಲೆಯ ಮೇಲಿನ ಬಿಳಿ ಪದರ ಬೂದಿ ರೋಗವೋ ಹಿಟ್ಟು ತಿಗಣೆಯೋ ಎಂದು ಪದೇ ಪದೇ ಕೇಳುತ್ತಾರೆ. ಐದು ಫೋಟೊ ಬಂದಿವೆ, ಕಳಿಸಿದ್ದೇನೆ. ಹಿಟ್ಟು ತಿಗಣೆಯ ಹತ್ತಿರದ ಚಿತ್ರ ನಿಮ್ಮ ಬಳಿ ಇದೆಯಲ್ಲ, ಅದನ್ನು ಸೇರಿಸಿ ಇಬ್ಬರ ಹೆಸರಿನಲ್ಲಿ ಒಂದು ಕರೊಸೆಲ್ ಮಾಡೋಣವೇ? ಬರವಣಿಗೆ, ವಿನ್ಯಾಸ ನಾನು ಮಾಡುತ್ತೇನೆ.” ಅವರಿಗೆ ಕೆಲಸ ಕಡಿಮೆ, ಅವರ ಚಿತ್ರಕ್ಕೆ ಹೊಸ ನೋಡುಗರು. ಒಪ್ಪಲು ಕಾರಣವಿದೆ.

ಪೋಸ್ಟ್ ಹಾಕುವಾಗ Invite collaborators ಆಯ್ಕೆಯಿಂದ ಅವರನ್ನು ಆಹ್ವಾನಿಸಿ. ಇನ್‌ಸ್ಟಾಗ್ರಾಮ್ 2021ರ ಅಕ್ಟೋಬರ್‌ನಲ್ಲಿ ತಂದ ಸೌಲಭ್ಯ ಇದು. ಅವರು ಒಪ್ಪಿಕೊಂಡರೆ ಒಂದೇ ಪೋಸ್ಟ್ ಎರಡೂ ಪ್ರೊಫೈಲ್‌ಗಳಲ್ಲಿ ಕಾಣಿಸುತ್ತದೆ, ಲೈಕ್ ಮತ್ತು ಕಮೆಂಟ್‌ಗಳು ಒಂದೇ ಕಡೆ ಸೇರುತ್ತವೆ. ಅವರು ಒಪ್ಪಿಗೆ ಒತ್ತುವವರೆಗೆ ಪೋಸ್ಟ್ ನಿಮ್ಮ ಕಡೆ ಮಾತ್ರ ಇರುತ್ತದೆ, ಹಾಗಾಗಿ ಅವರು ಆನ್‌ಲೈನ್ ಇರುವ ಸಮಯ ಕೇಳಿಕೊಂಡು ಹಾಕಿ.

ಆ ಪೋಸ್ಟ್ ನಿಮ್ಮ ಲೂಪಿನ ಅಚ್ಚಿನಲ್ಲೇ ಇರಲಿ. ಮೊದಲು ಫಾಲೋವರ್ ಕಳಿಸಿದ ಎಲೆ, ಆಮೇಲೆ ಪರೀಕ್ಷೆ: ಬೆರಳಿನಿಂದ ಒರೆಸಿದಾಗ ಪುಡಿಯಂತೆ ತೆಳ್ಳಗೆ ಹರಡಿದರೆ ಬೂದಿ ರೋಗ. ಎಲೆ ಕಾಂಡಕ್ಕೆ ಸೇರುವ ಸಂದಿಗಳಲ್ಲಿ ಹತ್ತಿಯಂಥ ಗಂಟುಗಳಾಗಿ ಕೂತು, ಸುತ್ತ ಅಂಟಂಟಾಗಿದ್ದರೆ ಹಿಟ್ಟು ತಿಗಣೆ. ನಂತರ ಕೀಟದ ಪೇಜಿನವರ ಹತ್ತಿರದ ಚಿತ್ರ. ಕೊನೆಯಲ್ಲಿ ಅದೇ ಮೂರು ಫೋಟೊಗಳ ಕರೆ. “ನಾವಿಬ್ಬರೂ ಜೊತೆಯಾಗಿದ್ದೇವೆ” ಎಂಬ ಪರಿಚಯದ ರೀಲ್ಸ್ ನೋಡಿ ಬಂದವರಿಗೆ ಮರುದಿನ ಮಾಡಲು ಏನೂ ಇರುವುದಿಲ್ಲ. ಈ ಪೋಸ್ಟ್ ನೋಡಿ ಬಂದವರಿಗೆ ತಮ್ಮ ಗಿಡದ ಎಲೆ ತಿರುಗಿಸಿ ನೋಡುವ ಕೆಲಸವಿರುತ್ತದೆ.

ಆರನೇ ಹೆಜ್ಜೆ: ಪ್ರತಿ ಸುತ್ತಿಗೆ ನಾಲ್ಕು ಅಂಕಿ

ಒಂದು ನೋಟ್‌ಬುಕ್ ಸಾಕು. ಪೋಸ್ಟ್ ಹಾಕಿ ಏಳು ದಿನ ಕಳೆದ ಮೇಲೆ ಅದರ ಇನ್‌ಸೈಟ್ಸ್ ತೆರೆದು ಬರೆದುಕೊಳ್ಳಿ: ಎಷ್ಟು ಜನ ಫೋಟೊ ಕಳಿಸಿದರು, ಎಷ್ಟು ಸಲ ಶೇರ್ ಆಯಿತು, ಫಾಲೋ ಮಾಡದ ಎಷ್ಟು ಜನರಿಗೆ ತಲುಪಿತು, ಆ ಪೋಸ್ಟ್‌ನಿಂದ ಎಷ್ಟು ಜನ ಫಾಲೋ ಮಾಡಿದರು. ಗಿಡದ ಪೇಜಿನ ಒಂದು ವಾರದ ಸಾಲು ಹೀಗಿದೆ ಅಂದುಕೊಳ್ಳೋಣ: 18, 60, 2,400, 36.

ಒಂದು ವಾರದ ಅಂಕಿ ನೋಡಿ ಏನೂ ತೀರ್ಮಾನಿಸಬೇಡಿ. ನಾಲ್ಕು ವಾರದ್ದನ್ನು ಒಂದರ ಕೆಳಗೊಂದು ಬರೆದಾಗ ಯಾವ ಕೊಂಡಿ ಸಡಿಲವಿದೆ ಎಂದು ಕಾಣುತ್ತದೆ. ಫೋಟೊ ಬರುತ್ತಿವೆ, ಶೇರ್ ಆಗುತ್ತಿಲ್ಲ ಎಂದರೆ ತೊಂದರೆ ಮೊದಲ ಚಿತ್ರದಲ್ಲಿ, ಅದು ಯಾರ ಮುಖವನ್ನೂ ನೆನಪಿಸುತ್ತಿಲ್ಲ. ಶೇರ್ ಆಗುತ್ತಿದೆ, ಹೊಸಬರಿಗೆ ತಲುಪುತ್ತಿದೆ, ಫಾಲೋ ಆಗುತ್ತಿಲ್ಲ ಎಂದರೆ ಪ್ರೊಫೈಲ್ ಭೇಟಿಗಳ ಅಂಕಿ ನೋಡಿ. ಭೇಟಿ ಹೆಚ್ಚಿದ್ದೂ ಫಾಲೋ ಕಡಿಮೆ ಇದ್ದರೆ ಬಂದವರಿಗೆ ಪೇಜ್ ಏನೆಂದು ಅರ್ಥವಾಗುತ್ತಿಲ್ಲ. ಬಯೋದ ಮೊದಲ ಸಾಲನ್ನು “ಗಿಡಪ್ರೇಮಿ” ಎಂಬುದರಿಂದ “ನಿಮ್ಮ ಗಿಡದ ಫೋಟೊ ಕಳಿಸಿ, ಕಾಯಿಲೆ ಹೇಳುತ್ತೇವೆ” ಎಂದು ಬದಲಿಸಿ, ಲೂಪಿನ ಮೂರು ಒಳ್ಳೆಯ ಸಂಚಿಕೆಗಳನ್ನು ಪ್ರೊಫೈಲ್ ಮೇಲ್ಭಾಗದಲ್ಲಿ ಪಿನ್ ಮಾಡಿ. ಭೇಟಿಯೇ ಕಡಿಮೆ ಎಂದರೆ ಪೋಸ್ಟ್ ಎಲ್ಲವನ್ನೂ ಹೇಳಿ ಮುಗಿಸುತ್ತಿದೆ, ಮುಂದಿನದರ ಕುತೂಹಲ ಬಿಡುತ್ತಿಲ್ಲ. ಕೊನೆಯ ಚಿತ್ರದಲ್ಲಿ ಮುಂದಿನ ವಾರದ ಎಲೆಯ ಒಂದು ತುಣುಕು ತೋರಿಸಿ ನೋಡಿ.

ಈಗ ಲೂಪಿನ ಶಕ್ತಿ ಎಷ್ಟು ಎಂದು ನೋಡೋಣ. ವಾರಕ್ಕೆ 36 ಎಂದರೆ ತಿಂಗಳಿಗೆ 144, ಅಂದರೆ 12,000ದಲ್ಲಿ 1.2 ಶೇಕಡಾ. ಸೋರಿಕೆ 2.5 ಇತ್ತು. ಉಳಿದ ಸೋರಿಕೆ 1.3.

```
300 ÷ 0.013 ≈ 23,000
```

ನಿಲ್ಲುವ ಜಾಗ 12,000ದಿಂದ 23,000ಕ್ಕೆ ಸರಿಯಿತು. ಆದರೆ ಅಲ್ಲಿಗೆ ತಲುಪುವುದು ನಿಧಾನ. ಇದೇ ಲೆಕ್ಕದಲ್ಲಿ ವರ್ಷದ ಕೊನೆಗೆ ಪೇಜ್ ಸುಮಾರು 13,600ರ ಹತ್ತಿರ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂರನೇ ವಾರಕ್ಕೆ ಗ್ರಾಫ್ ಜಿಗಿಯಲಿಲ್ಲ ಎಂದು ಲೂಪನ್ನು ಕೈಬಿಟ್ಟವರನ್ನು ಬಹಳ ನೋಡಿದ್ದೇನೆ.

ಇಲ್ಲಿಂದ ಮುಂದೆ ಎರಡು ದಾರಿಗಳಿವೆ, ಎರಡನ್ನೂ ಹಿಡಿಯಬೇಕು. ಬರುವ ಫೋಟೊಗಳು ಸಾಲುವಷ್ಟಾದರೆ ವಾರಕ್ಕೆ ಎರಡು ಸಂಚಿಕೆ ಮಾಡಿ. ಎರಡನೆಯದೂ ಅಷ್ಟೇ ಜನರನ್ನು ತಂದರೆ 1.2 ಎಂಬುದು 2.4 ಆಗುತ್ತದೆ. ಎಲ್ಲರಿಗೂ ಉತ್ತರ, ಮೂರು ವಾರದ ನಂತರದ ಫಲಿತಾಂಶ, ಇವುಗಳಿಂದ ಸೋರಿಕೆ 2.5ರಿಂದ 2ಕ್ಕೆ ಇಳಿದರೆ, ಬರುವ ಪ್ರಮಾಣ ಹೋಗುವ ಪ್ರಮಾಣವನ್ನು ದಾಟುತ್ತದೆ. ಆಗ ಲೆಕ್ಕದಲ್ಲಿ ನಿಲ್ಲುವ ಜಾಗವೇ ಇರುವುದಿಲ್ಲ. ನಿಜ ಜೀವನದಲ್ಲಿ ಇರುತ್ತದೆ: ಮನೆಗಿಡದ ಮೇಲೆ ಆಸಕ್ತಿ ಇರುವವರ ಸಂಖ್ಯೆಗೂ ಒಂದು ಮಿತಿ ಇದೆ, ದಿನಕ್ಕೆ ನೀವು ಉತ್ತರಿಸಬಲ್ಲ ಡಿಎಂಗಳಿಗೂ ಇದೆ. ಎರಡನೆಯದು ಮೊದಲು ಎದುರಾಗುತ್ತದೆ.

ಕೆಟ್ಟರೆ ಗೊತ್ತಾಗುವುದು ಹೇಗೆ

ಮೊದಲ ಅಪಾಯ ಬಹುಮಾನದ ಸ್ಪರ್ಧೆ. “ಮೂರು ಗೆಳೆಯರನ್ನು ಟ್ಯಾಗ್ ಮಾಡಿ, ಪೇಜ್ ಫಾಲೋ ಮಾಡಿ, ಗೆದ್ದರೆ ಬಹುಮಾನ.” ನಾನು ನೋಡಿಕೊಳ್ಳುತ್ತಿದ್ದ ಒಂದು ಪೇಜಿನಲ್ಲಿ ಇದನ್ನು ಮಾಡಿಸಿದ್ದೇನೆ. ಆ ವಾರ ಸಂಖ್ಯೆ ಏರಿತು, ವಿಜೇತರ ಹೆಸರು ಹೇಳಿದ ಮರುದಿನದಿಂದಲೇ ಇಳಿಯತೊಡಗಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆದದ್ದು. ಉಳಿದುಕೊಂಡವರು ವಿಷಯದಲ್ಲಿ ಆಸಕ್ತಿ ಇಲ್ಲದವರಾದ್ದರಿಂದ ಮುಂದಿನ ಪೋಸ್ಟ್‌ಗಳನ್ನು ನೋಡದೆ ದಾಟಿದರು, ಹಳೆಯ ಫಾಲೋವರ್‌ಗಳಿಗೆ ತಲುಪುವುದೂ ಕಡಿಮೆಯಾಯಿತು. ಇಂಥ ಟ್ಯಾಗ್ ಮಾಡಿಸುವ, ಶೇರ್ ಬೇಡುವ ಪೋಸ್ಟ್‌ಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಗುರುತಿಸುವುದು ಸುಲಭ: ಹೊಸಬರು ಹೆಚ್ಚಾದ ವಾರದ ಮುಂದಿನ ವಾರ ಬಿಟ್ಟು ಹೋದವರ ಅಂಕಿಯೂ ಜಿಗಿದಿದ್ದರೆ, ಬಂದವರು ಬೇರೇನಕ್ಕೋ ಬಂದವರು.

ಎರಡನೆಯದು ಫೋಟೊ ಸಾಲದೆ ಬೇರೆಯವರ ಪೋಸ್ಟ್‌ಗಳನ್ನು ಎತ್ತಿ ಹಾಕುವುದು. ಬೇರೆಯವರ ವಸ್ತುವನ್ನು ಪದೇ ಪದೇ ಮರುಹಾಕುವ ಪೇಜ್‌ಗಳನ್ನು ಶಿಫಾರಸಿನಿಂದ ತೆಗೆಯುವುದಾಗಿ ಇನ್‌ಸ್ಟಾಗ್ರಾಮ್ 2024ರ ಏಪ್ರಿಲ್‌ನಲ್ಲಿ ತಿಳಿಸಿತು. ವಸ್ತು ಇಲ್ಲದ ವಾರ ಹಳೆಯ ಗಿಡದ ಫಲಿತಾಂಶ ಹಾಕಿ, ಅಥವಾ ಏನೂ ಹಾಕಬೇಡಿ.

ಮೂರನೆಯದು ಮೆಲ್ಲಗೆ ಬರುವಂಥದ್ದು, ಆದ್ದರಿಂದಲೇ ಹೆಚ್ಚು ಅಪಾಯ. ವಾರಕ್ಕೆ 18 ಫೋಟೊ ಬರುತ್ತಲೇ ಇರುತ್ತವೆ, ಆದರೆ ಕಳಿಸುವವರು ಅದೇ 18 ಜನ. ಪೇಜ್ ಜೀವಂತವಾಗಿ ಕಾಣುತ್ತದೆ, ಕಮೆಂಟ್‌ನಲ್ಲಿ ಸ್ನೇಹದ ಮಾತು ನಡೆಯುತ್ತದೆ, ಲೂಪ್ ಮಾತ್ರ ಮುಚ್ಚಿದ ಕೋಣೆಯೊಳಗೆ ತಿರುಗುತ್ತಿರುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಮೊದಲ ಅಂಕಿಯ ಪಕ್ಕ ಇನ್ನೊಂದನ್ನು ಬರೆಯಿರಿ: ಕಳಿಸಿದವರಲ್ಲಿ ಮೊದಲ ಬಾರಿಗೆ ಕಳಿಸಿದವರು ಎಷ್ಟು. ಅದು ಅರ್ಧಕ್ಕಿಂತ ಕೆಳಗಿಳಿದರೆ ನಾನು ಆಯ್ಕೆಯ ಕ್ರಮ ಬದಲಿಸುತ್ತೇನೆ. ಎರಡು ತಿಂಗಳು ಹೊಸಬರ ಗಿಡಗಳಿಗಷ್ಟೇ ಪೋಸ್ಟ್, ಹಳಬರಿಗೆ ಡಿಎಂನಲ್ಲಿ ಉತ್ತರ. ಹಳಬರಿಗೆ ಬೇಸರವಾಗದಂತೆ ಅವರಿಗೆ ಬೇರೆ ಕೆಲಸ ಕೊಡಬಹುದು. ಎರಡನೇ ಚಿತ್ರದ ಸಂಗತಿಗಳನ್ನು ಓದಿ ಕಾಯಿಲೆ ಊಹಿಸಿ ಕಮೆಂಟ್ ಹಾಕಿ ಎಂದು ಅವರನ್ನೇ ಕೇಳಿ, ಸರಿ ಹೇಳಿದವರ ಮಾತನ್ನು ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನೊಂದಿಗೆ ಹಾಕಿ.

ಹನ್ನೆರಡು ವಾರ ಮುಗಿದಾಗ ಹನ್ನೆರಡು ಗಿಡಗಳ ಕಥೆ ನಿಮ್ಮ ಬಳಿ ಇರುತ್ತದೆ. ಹಳದಿ ಎಲೆಯವು ಒಂದು ಕಡೆ, ತುದಿ ಕಂದಾದವು ಒಂದು ಕಡೆ, ಚುಕ್ಕೆ ಬಿದ್ದವು ಒಂದು ಕಡೆ ಎಂದು ಹೈಲೈಟ್ಸ್‌ನಲ್ಲಿ ವಿಂಗಡಿಸಿಡಿ. ಹೊಸಬರು ಫೋಟೊ ಕಳಿಸಿದಾಗ ಅರ್ಧದಷ್ಟು ಪ್ರಶ್ನೆಗಳಿಗೆ ಹಳೆಯ ಸಂಚಿಕೆಯನ್ನೇ ಕಳಿಸಿ “ಇದನ್ನು ನೋಡಿ, ನಿಮ್ಮ ಗಿಡಕ್ಕೂ ಇದೇ ಆಗಿದೆ” ಎನ್ನಬಹುದು. ಡಿಎಂನ ಹೊರೆ ಇಳಿಯುತ್ತದೆ. ಆ ಸಂಚಿಕೆಗೆ ಇನ್ನೊಂದು ಶೇರ್ ಸೇರುತ್ತದೆ, ಅದನ್ನು ಪಡೆದವರ ಗಿಡ ಮೂರು ವಾರದಲ್ಲಿ ಚಿಗುರಿದರೆ ಹದಿಮೂರನೆಯ ಕಥೆಯೂ ಸಿಗುತ್ತದೆ.